ಮ್ಯಾಕ್ಸಿಮ್ ಸುತ್ತು: ದಾವಣಗೆರೆ ಕಾನೂನು ವಿದ್ಯಾರ್ಥಿಗಳ ಮೌಖಿಕ ಕ್ವಿಜ್

ನಿಯಮ ಕೇಳಿಸಿಕೊಳ್ಳಿ. ಒಂದು ಪ್ರಶ್ನೆಗೆ 20 ಸೆಕೆಂಡು. ಅರ್ಥಕ್ಕೆ 1 ಅಂಕ, ಸಂದರ್ಭಕ್ಕೆ ಹೊಂದಿಸಿ ಕಾರಣ ಕೊಟ್ಟರೆ 2. ಬರೀ ಲ್ಯಾಟಿನ್ ಒಪ್ಪಿಸಿದರೆ ಸೊನ್ನೆ.

1. ನೆಮೊ ಡಾಟ್ ಕ್ವಾಡ್ ನಾನ್ ಹ್ಯಾಬೆಟ್. ರೈತನೊಬ್ಬ ಎಪಿಎಂಸಿಗೆ ತಂದ 40 ಚೀಲ ಮೆಕ್ಕೆಜೋಳವನ್ನು ಕಳ್ಳ ಸಾಗಿಸಿ ವರ್ತಕನಿಗೆ ಮಾರಿದ. ವರ್ತಕನಿಗೆ ಕಳವು ಗೊತ್ತಿಲ್ಲ, ಹಣ ಪೂರ್ತಿ ಕೊಟ್ಟಿದ್ದಾನೆ. ಜೋಳ ಯಾರದು?

ಉತ್ತರ: ತನ್ನದಲ್ಲದ್ದನ್ನು ಯಾರೂ ಕೊಡಲಾರರು. ಜೋಳ ರೈತನದೇ; ಸರಕು ಮಾರಾಟ ಅಧಿನಿಯಮ 1930, ಕಲಂ 27. ವರ್ತಕ ಕಳ್ಳನಿಂದ ಹಣ ವಸೂಲು ಮಾಡಿಕೊಳ್ಳಬೇಕು. ‘ಸದ್ಭಾವನೆಯಿಂದ ಕೊಂಡಿದ್ದಾನಲ್ಲ’ ಎಂದವರಿಗೆ ಅಂಕ ಬೇಡ. ಮಾಲೀಕನೇ ಒಪ್ಪಿ ದಲಾಲಿಯ ವಶಕ್ಕೆ ಮಾಲು ಕೊಟ್ಟಿದ್ದರೆ ಮಾತ್ರ ಆ ವಾದಕ್ಕೆ ಜೀವ ಬರುತ್ತದೆ.

2. ರೆಸ್ ಇಪ್ಸಾ ಲೊಕ್ವಿಟರ್. ಪಿ.ಬಿ. ರಸ್ತೆಯ ಅಂಗಡಿಯ ಬೋರ್ಡು ಗಾಳಿಯಿಲ್ಲದ ದಿನ ದಾರಿಹೋಕನ ಮೇಲೆ ಬಿತ್ತು. ಯಾಕೆ ಬಿತ್ತೆಂದು ಅವನಿಗೆ ಗೊತ್ತಿಲ್ಲ.

ಉತ್ತರ: ಘಟನೆಯೇ ಮಾತಾಡುತ್ತದೆ. ಬೋರ್ಡು ಅಂಗಡಿಯವನ ಹತೋಟಿಯಲ್ಲಿತ್ತು, ಎಚ್ಚರವಿದ್ದರೆ ಬೀಳುವಂಥದ್ದಲ್ಲ. ಈ ಎರಡೂ ಅಂಶ ಹೇಳಲೇಬೇಕು. ದೆಹಲಿಯ ಗಡಿಯಾರ ಗೋಪುರ ಕುಸಿದ ಸುಭಾಗ್ವಂತಿ ಪ್ರಕರಣ (1966) ಹೆಸರಿಸಿದರೆ ಶಹಬ್ಬಾಸ್.

3. ಡ್ಯಾಮ್ನಮ್ ಸೈನೆ ಇಂಜೂರಿಯಾ. ಬೆಣ್ಣೆದೋಸೆ ಹೋಟೆಲಿನ ಪಕ್ಕದಲ್ಲೇ ಹೊಸಬ ಕಡಿಮೆ ದರಕ್ಕೆ ದೋಸೆ ಹಾಕುತ್ತಿದ್ದಾನೆ. ಹಳಬನ ವ್ಯಾಪಾರ ಅರ್ಧವಾಯಿತು.

ಉತ್ತರ: ನಷ್ಟವಿದೆ, ಹಕ್ಕಿಗೆ ಧಕ್ಕೆಯಿಲ್ಲ, ದಾವೆ ನಿಲ್ಲದು. ಹಳಬನ ಹೆಸರನ್ನೇ ಬೋರ್ಡಿಗೆ ಹಾಕಿ ಗಿರಾಕಿಯನ್ನು ಮೋಸಗೊಳಿಸಿದರೆ ಮಾತು ಬೇರೆ.

ತಿರುಗಿಸಿ ಕೇಳಿ: ಅರ್ಹ ಮತದಾರನಿಗೆ ಅಧಿಕಾರಿ ದುರುದ್ದೇಶದಿಂದ ಮತ ನಿರಾಕರಿಸಿದ, ಆದರೂ ಅವನ ಅಭ್ಯರ್ಥಿ ಗೆದ್ದ. ಇದು ಇಂಜೂರಿಯಾ ಸೈನೆ ಡ್ಯಾಮ್ನೊ. ನಷ್ಟವಿಲ್ಲದಿದ್ದರೂ ಹಕ್ಕು ಮುರಿದಿದೆ. ಆಶ್ಬಿ ಮತ್ತು ವೈಟ್, 1703. ಈ ಜೋಡಿ ತಲೆಕೆಳಗಾಗುವುದೇ ಹೆಚ್ಚು. ಇಂಜೂರಿಯಾ ಎಂದರೆ ಗಾಯವಲ್ಲ, ಹಕ್ಕಿನ ಭಂಗ. ಅದೊಂದು ನೆನಪಿದ್ದರೆ ಉಳಿದದ್ದು ತಾನಾಗಿ ಬರುತ್ತದೆ.

4. ನೆಮೊ ಜುಡೆಕ್ಸ್ ಇನ್ ಕಾಸಾ ಸುವಾ. ಆಯ್ಕೆ ಸಮಿತಿಯ ಸದಸ್ಯ ತಾನೂ ಅಭ್ಯರ್ಥಿ. ತನ್ನ ಹೆಸರು ಬಂದಾಗ ಮಾತ್ರ ಹೊರಗೆ ಹೋದ.

ಉತ್ತರ: ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಆಯ್ಕೆ ರದ್ದಾಗುತ್ತದೆ, ಪ್ರತಿಸ್ಪರ್ಧಿಗಳನ್ನು ಅವನೇ ತೂಗಿದ್ದಾನೆ. ಕ್ರೈಪಕ್ ಪ್ರಕರಣ, 1969.

5. ಕೊನೆಯದು, 5 ಅಂಕ, 40 ಸೆಕೆಂಡು. ವಿಜಿಲಾಂಟಿಬಸ್ ನಾನ್ ಡಾರ್ಮಿಯೆಂಟಿಬಸ್ ಜುರಾ ಸಬ್ವೆನಿಯಂಟ್. 10-5-2022ರಂದು ಅವಧಿ ನಿಗದಿಯಿಲ್ಲದೆ ಕೈಗಡ. 2-6-2025ರಂದು ಸಾಲಗಾರ ‘ಸಾಲ ಇರುವುದು ನಿಜ’ ಎಂದಷ್ಟೇ ಬರೆದು ಸಹಿ ಹಾಕಿದ. ಮಾರನೆಯ ದಿನ ದಾವೆ.

ಉತ್ತರ: ಕಾನೂನು ಎಚ್ಚರವಿದ್ದವರ ಕೈಹಿಡಿಯುತ್ತದೆ, ಮಲಗಿದವರದ್ದಲ್ಲ. ಸಾಲ ಕೊಟ್ಟ ದಿನದಿಂದ 3 ವರ್ಷ ಮುಗಿದಿದೆ. ಕಾಲಮಿತಿ ಅಧಿನಿಯಮದ ಕಲಂ 18ರ ಒಪ್ಪಿಗೆ ಅವಧಿಯೊಳಗೇ ಬಂದಿರಬೇಕು. ಪ್ರತಿವಾದಿ ಸುಮ್ಮನಿದ್ದರೂ ಅದೇ ಅಧಿನಿಯಮದ ಕಲಂ 3ರಂತೆ ನ್ಯಾಯಾಲಯ ವಜಾ ಮಾಡಲೇಬೇಕು. ಅದೇ ಚೀಟಿಯಲ್ಲಿ ‘ತೀರಿಸುತ್ತೇನೆ’ ಎಂದಿದ್ದರೆ? ಕರಾರು ಅಧಿನಿಯಮದ ಕಲಂ 25(3)ರಡಿ ಅದು ಹೊಸ ಕರಾರು, ದಾವೆ ನಡೆಯುತ್ತದೆ. ಇಷ್ಟೂ ಹೇಳಿದವರಿಗೇ 5.