ಬಲ ಮೊಣಕಾಲಿನ ಕೀಲು ಬದಲಿ ಶಸ್ತ್ರಚಿಕಿತ್ಸೆಗೆ ಕ್ಯಾಶ್‌ಲೆಸ್ ಪೂರ್ವಾನುಮತಿ ಕೋರಿಕೆ

ಜಯನಗರ, ಬೆಂಗಳೂರು
10 ನವೆಂಬರ್ 2025

ಇವರಿಗೆ,
ವೈದ್ಯಾಧಿಕಾರಿಗಳು, ಕ್ಯಾಶ್‌ಲೆಸ್ ವಿಭಾಗ

ಮಾನ್ಯರೇ,

ಹನುಮಂತನಗರದ ನಿವಾಸಿ, 64 ವರ್ಷದ ಮಹಿಳೆಯ ಬಲ ಮೊಣಕಾಲಿಗೆ ಪೂರ್ಣ ಕೀಲು ಬದಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ದಾಖಲಾತಿ ನವೆಂಬರ್ 18ರ ಮಂಗಳವಾರ, ಶಸ್ತ್ರಚಿಕಿತ್ಸೆ 19ಕ್ಕೆ, ಡಿಸ್ಚಾರ್ಜ್ 22ಕ್ಕೆ. ರೋಗಿಯ ಹೆಸರು, ಪಾಲಿಸಿ ಮತ್ತು ಗುರುತಿನ ವಿವರಗಳು ಲಗತ್ತಿಸಿದ ಪೂರ್ವಾನುಮತಿ ಫಾರಂನಲ್ಲಿವೆ. ರೋಗನಿರ್ಣಯ: ಬಲ ಮೊಣಕಾಲಿನ ಪ್ರಾಥಮಿಕ ಅಸ್ಥಿಸಂಧಿವಾತ, ಐಸಿಡಿ-10 ಸಂಕೇತ M17.1.

ಶಸ್ತ್ರಚಿಕಿತ್ಸೆ ಏಕೆ ಬೇಕು

ನಿಂತು ತೆಗೆದ ಎಕ್ಸ್-ರೇಯಲ್ಲಿ ಒಳಬದಿಯ ಕೀಲಿನ ಸಂದು ಪೂರ್ತಿ ಮುಚ್ಚಿ ಮೂಳೆಗೆ ಮೂಳೆ ತಾಗಿದೆ. ಕೆಲ್‌ಗ್ರೆನ್-ಲಾರೆನ್ಸ್ ಗ್ರೇಡ್ 4. ಮೇ 2024ರ ಎಕ್ಸ್-ರೇಯಲ್ಲಿ ಇದು ಗ್ರೇಡ್ 3 ಇತ್ತು. ಎರಡೂ ಫಿಲ್ಮ್ ಕಳುಹಿಸಿದ್ದೇವೆ, ಎರಡೂ ನಿಂತ ಭಂಗಿಯವೇ. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಕಾಲಿನ ಮೇಲೆ ಭಾರ ಬೀಳದ ಕಾರಣ ಸಂದು ಇನ್ನೂ ಇದ್ದಂತೆ ಕಾಣುತ್ತದೆ. ಅದನ್ನು ನೋಡಿ ಗ್ರೇಡ್ ಹಾಕುವುದು ಸರಿಯಲ್ಲ.

ಕಾಲು 12 ಡಿಗ್ರಿ ಹೊರಬಾಗಿದೆ. ಮೊಣಕಾಲು ಪೂರ್ತಿ ನೇರವಾಗುವುದಿಲ್ಲ, 10 ಡಿಗ್ರಿ ಮಡಿಕೆ ಉಳಿದಿದೆ. ಮಡಿಸುವುದು 95 ಡಿಗ್ರಿಯವರೆಗೆ ಮಾತ್ರ. ಆಕ್ಸ್‌ಫರ್ಡ್ ಮೊಣಕಾಲು ಅಂಕ 48ಕ್ಕೆ 16. ಸುಮಾರು 150 ಮೀಟರ್ ನಡೆದರೆ ನಿಲ್ಲಲೇಬೇಕು. ಲಿಫ್ಟ್ ಇಲ್ಲದ ಎರಡನೇ ಮಹಡಿಯ ಮನೆಗೆ ಒಂದೊಂದೇ ಮೆಟ್ಟಿಲು, ಎಡಗಾಲು ಮುಂದಿಟ್ಟು, ಕಂಬಿ ಹಿಡಿದು ಹತ್ತುತ್ತಾರೆ. ರಾತ್ರಿ ನೋವಿಗೆ ಎಚ್ಚರವಾಗುತ್ತದೆ.

ಈ ಮುಂಚಿನ ಚಿಕಿತ್ಸೆ: ಪ್ಯಾರಸಿಟಮಾಲ್ ಜೊತೆಗೆ ಅಸಿಕ್ಲೊಫೆನಾಕ್ 100 ಮಿ.ಗ್ರಾಂ ದಿನಕ್ಕೆರಡು ಬಾರಿ ಕೊಡಲಾಗಿತ್ತು. ಕ್ರಿಯಾಟಿನಿನ್ 0.9ರಿಂದ 1.4ಕ್ಕೆ ಏರಿದ್ದರಿಂದ ಅಸಿಕ್ಲೊಫೆನಾಕ್ ನಿಲ್ಲಿಸಿದೆವು, ಈಗ 1.0. ಮಧುಮೇಹಿಗೆ ಈ ಬಗೆಯ ಮಾತ್ರೆ ಮುಂದುವರಿಸಿ ನೋಡಿ ಎನ್ನಲು ಸಾಧ್ಯವಿಲ್ಲ. 12 ವಾರ ಫಿಸಿಯೋಥೆರಪಿ ಆಗಿದೆ, ಹಾಜರಿ ಹಾಳೆ ಲಗತ್ತಿಸಿದೆ. ತೂಕ 78ರಿಂದ 74 ಕಿಲೋಗೆ ಇಳಿದಿದೆ. 12 ಜೂನ್ 2025ರಂದು ಕೀಲಿನೊಳಗೆ ಕೊಟ್ಟ ಟ್ರಯಾಮ್ಸಿನೊಲೋನ್ 40 ಮಿ.ಗ್ರಾಂ ಏಳು ವಾರ ಮಾತ್ರ ಕೆಲಸ ಮಾಡಿತು. ಆ ಇಂಜೆಕ್ಷನ್ ಆದ ಮೂರು ತಿಂಗಳೊಳಗೆ ಕೀಲು ಬದಲಿಸಿದರೆ ಸೋಂಕಿನ ಭಯ ಹೆಚ್ಚು; ನಿಗದಿಯಾದ ದಿನಕ್ಕೆ ಐದು ತಿಂಗಳು ಕಳೆದಿರುತ್ತದೆ.

ಸವೆತ ಮಂಡಿಚಿಪ್ಪಿನ ಹಿಂದೆ ಮತ್ತು ಹೊರಬದಿಗೂ ಹಬ್ಬಿರುವುದರಿಂದ ಭಾಗಶಃ ಕೀಲು ಬದಲಿಯಾಗಲಿ, ಮೂಳೆ ಕತ್ತರಿಸಿ ನೇರಮಾಡುವ ವಿಧಾನವಾಗಲಿ ಇಲ್ಲಿ ಸಲ್ಲದು. ಇಷ್ಟು ಸವೆದ ಕೀಲಿಗೆ ಆರ್ಥ್ರೋಸ್ಕೋಪಿಯಿಂದ ಪ್ರಯೋಜನವಿಲ್ಲ. ಎಡಗಾಲು ಗ್ರೇಡ್ 2, ಅದಕ್ಕೆ ಅನುಮತಿ ಕೇಳುತ್ತಿಲ್ಲ.

ಎಚ್‌ಬಿಎ1ಸಿ 8.6 ಇದ್ದದ್ದು 7.1ಕ್ಕೆ ಬಂದಿದೆ. ಎಕೋದಲ್ಲಿ ಹೃದಯದ ಇಜೆಕ್ಷನ್ ಫ್ರ್ಯಾಕ್ಷನ್ 60 ಶೇಕಡಾ. ಅರಿವಳಿಕೆ ತಜ್ಞರು ಫಿಟ್‌ನೆಸ್ ಕೊಟ್ಟಿದ್ದಾರೆ.

ಕಾಯಿಲೆಯ ಅವಧಿ ಬಗ್ಗೆ ಸ್ಪಷ್ಟನೆ

6 ಮೇ 2024ರ ಕ್ಲಿನಿಕ್ ಚೀಟಿಯಲ್ಲಿ ಕೈಬರಹದಲ್ಲಿ 8/12 ಎಂದಿದೆ. ಅದು ವೈದ್ಯರ ರೂಢಿಯ ಬರಹ, ಅರ್ಥ ಎಂಟು ತಿಂಗಳು. ಎಂಟರಿಂದ ಹನ್ನೆರಡು ವರ್ಷ ಅಲ್ಲ. ಅಂದರೆ ನೋವು ಸೆಪ್ಟೆಂಬರ್ 2023ರ ಸುಮಾರಿಗೆ ಶುರುವಾಗಿದೆ. ಚೀಟಿ ಬರೆದ ವೈದ್ಯರ ಸಹಿ-ಮೊಹರಿನ ದೃಢೀಕರಣ ಲಗತ್ತಿಸಿದೆ. ಸವೆತ ನೋವಿಗಿಂತ ಹಿಂದೆಯೇ ಆರಂಭವಾಗಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪಾಲಿಸಿ ಜೂನ್ 2018ರಿಂದ ಒಂದು ಸಲವೂ ತಪ್ಪದೆ ನವೀಕರಣವಾಗಿದೆ. 36 ತಿಂಗಳ ಕಾಯುವ ಅವಧಿಯೂ 60 ತಿಂಗಳ ಮೊರಟೋರಿಯಂ ಕೂಡ ಮುಗಿದಿವೆ. ಮಧುಮೇಹ ಮತ್ತು ರಕ್ತದೊತ್ತಡವನ್ನು ಪ್ರಸ್ತಾವನೆಯಲ್ಲೇ ತಿಳಿಸಲಾಗಿತ್ತು.

ಅಂದಾಜು ವೆಚ್ಚ

ಕೊಠಡಿ ಮತ್ತು ನರ್ಸಿಂಗ್, ದಿನಕ್ಕೆ ₹4,800ರಂತೆ 4 ದಿನ: ₹19,200
ಶಸ್ತ್ರಚಿಕಿತ್ಸಕರು, ಸಹಾಯಕರು, ಅರಿವಳಿಕೆ: ₹72,000
ಆಪರೇಷನ್ ಥಿಯೇಟರ್: ₹38,000
ಇಂಪ್ಲಾಂಟ್ ಮತ್ತು ಬೋನ್ ಸಿಮೆಂಟ್: ₹68,000
ಔಷಧ, ಬಳಕೆ ಸಾಮಗ್ರಿ: ₹31,000
ಪರೀಕ್ಷೆಗಳು: ₹9,500
ಫಿಸಿಯೋಥೆರಪಿ: ₹4,000
ಒಟ್ಟು: ₹2,41,700

ವಿಮಾ ಮೊತ್ತ ₹5,00,000, ಕೊಠಡಿ ಮಿತಿ ಅದರ 1 ಶೇಕಡಾ, ದಿನಕ್ಕೆ ₹5,000. ಆಯ್ದ ಕೊಠಡಿ ಮಿತಿಯೊಳಗಿದೆ, ಹಾಗಾಗಿ ಪ್ರಮಾಣಾನುಸಾರ ಕಡಿತಕ್ಕೆ ಕಾರಣವಿಲ್ಲ. ವಾಕರ್‌ನಂಥ ಪಾವತಿಯಾಗದ ವಸ್ತುಗಳನ್ನು ಈ ಮೊತ್ತಕ್ಕೆ ಸೇರಿಸಿಲ್ಲ, ರೋಗಿಯೇ ಕೊಡುತ್ತಾರೆ. ಇಂಪ್ಲಾಂಟ್ ಸ್ಟಿಕ್ಕರ್ ಮತ್ತು ಇನ್‌ವಾಯ್ಸನ್ನು ಅಂತಿಮ ಬಿಲ್ಲಿನೊಂದಿಗೆ ಕಳುಹಿಸುತ್ತೇವೆ.

ಆರಂಭದಲ್ಲಿ ಅಲ್ಪ ಮೊತ್ತ ಕೊಟ್ಟು ಉಳಿದದ್ದನ್ನು ಡಿಸ್ಚಾರ್ಜ್ ದಿನ ನೋಡೋಣ ಎಂದರೆ, ಮನೆಯವರು ಆ ಹೊತ್ತಿನಲ್ಲಿ ಹಣಕ್ಕೆ ಓಡಾಡಬೇಕಾಗುತ್ತದೆ. ಇಂಪ್ಲಾಂಟ್ ಒಂದೇ ₹68,000 ಇರುವಾಗ ಅಂಥ ಅನುಮತಿಯಿಂದ ಉಪಯೋಗವಿಲ್ಲ. ಪೂರ್ಣ ಅಂದಾಜಿಗೇ ಮಂಜೂರಾತಿ ಕೋರುತ್ತೇವೆ. ಐಆರ್‌ಡಿಎಐನ 2024ರ ಮಾಸ್ಟರ್ ಸರ್ಕ್ಯುಲರ್ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯ ಗಡುವು ಇಟ್ಟಿದೆ. ಕ್ವೆರಿ ಇದ್ದರೆ ಎಲ್ಲವನ್ನೂ ಒಟ್ಟಿಗೆ ಕೇಳಿ. ತಡವಾದರೂ 14ರ ಶುಕ್ರವಾರದೊಳಗೆ ಉತ್ತರ ಬಂದರೆ ಥಿಯೇಟರ್ ಸಮಯ ಮತ್ತು ಇಂಪ್ಲಾಂಟ್ ಅಳತೆಗಳನ್ನು ಕಾಯ್ದಿರಿಸಬಹುದು.

ಲಗತ್ತು: ರೋಗಿ ಸಹಿ ಮಾಡಿದ ಪೂರ್ವಾನುಮತಿ ಫಾರಂ, ಪಾಲಿಸಿ ನವೀಕರಣ ಪ್ರತಿಗಳು, ಎರಡು ಎಕ್ಸ್-ರೇ ವರದಿ ಮತ್ತು ಫಿಲ್ಮ್, ಹೊರರೋಗಿ ಚೀಟಿಗಳು, ಅವಧಿ ದೃಢೀಕರಣ, ಫಿಸಿಯೋಥೆರಪಿ ಹಾಜರಿ, ರಕ್ತ ಮತ್ತು ಎಕೋ ವರದಿ, ಅರಿವಳಿಕೆ ಫಿಟ್‌ನೆಸ್.

ತಮ್ಮ ವಿಶ್ವಾಸಿಗಳು,
ಚಿಕಿತ್ಸೆ ನೀಡುತ್ತಿರುವ ಮೂಳೆ ಶಸ್ತ್ರಚಿಕಿತ್ಸಕರು
ವಿಮಾ ವಿಭಾಗದ ಮೇಲ್ವಿಚಾರಕರು