ಬಡ್ಡಿ ಆದಾಯದ ವ್ಯತ್ಯಾಸ ಕುರಿತ ನೋಟಿಸಿಗೆ ಉತ್ತರ

ಶಿವಮೊಗ್ಗ
ದಿನಾಂಕ: 27.10.2025

ಇವರಿಗೆ,
ನಿಗದಿತ ಪ್ರಾಧಿಕಾರಿಗಳು (ಇ-ಪರಿಶೀಲನೆ),
ಆದಾಯ ತೆರಿಗೆ ಇಲಾಖೆ

ವಿಷಯ: ಆದಾಯ ತೆರಿಗೆ ಕಾಯ್ದೆ 1961ರ ಕಲಂ 133(6)ರ ಅಡಿ ದಿನಾಂಕ 14.10.2025ರ ನೋಟಿಸು, ಹಣಕಾಸು ವರ್ಷ 2023-24.

ಮಾನ್ಯರೇ,

ನನ್ನ ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿ (ಎಐಎಸ್) ಬಡ್ಡಿ ಆದಾಯ 2,16,400 ರೂ. ಎಂದಿದ್ದು, 24.07.2024ರಂದು ಸಲ್ಲಿಸಿದ ರಿಟರ್ನ್‌ನಲ್ಲಿ ನಾನು 84,300 ರೂ. ಮಾತ್ರ ತೋರಿಸಿರುವುದಕ್ಕೆ ತಾವು ವಿವರಣೆ ಕೇಳಿರುತ್ತೀರಿ. 1,32,100 ರೂ.ಗಳ ಈ ವ್ಯತ್ಯಾಸ ನಿಜ. ಅದರಲ್ಲಿ ಒಂದು ಭಾಗ ನನ್ನ ಆದಾಯವಲ್ಲ. ಇನ್ನೊಂದು ಭಾಗ ನನ್ನದೇ, ನನ್ನ ತಪ್ಪಿನಿಂದ ಬಿಟ್ಟುಹೋದದ್ದು.

1,08,750 ರೂ. ನನ್ನ ತಾಯಿಯವರ ಠೇವಣಿಯ ಬಡ್ಡಿ. ತಮ್ಮ ಪಾಲಿಗೆ ಬಂದಿದ್ದ ಅಡಿಕೆ ತೋಟ ಮಾರಿದ ಹಣದಲ್ಲಿ 15 ಲಕ್ಷ ರೂ.ಗಳನ್ನು ಅವರು 31.03.2023ರಂದು ಶೇ. 7.25ರ ದರದಲ್ಲಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆಯುವಂತೆ ಇಟ್ಟರು. ಅವರಿಗೆ 82 ವರ್ಷ, ಮಂಡಿನೋವಿನಿಂದ ಬ್ಯಾಂಕಿಗೆ ಓಡಾಡಲಾಗದು. ಆದ್ದರಿಂದ ಜಂಟಿ ಖಾತೆಯಲ್ಲಿ ನನ್ನ ಹೆಸರು ಮೊದಲು ಬಂತು, ಬ್ಯಾಂಕು ಪೂರ್ತಿ ಬಡ್ಡಿಯನ್ನು ನನ್ನ ಪ್ಯಾನ್‌ಗೆ ವರದಿ ಮಾಡಿತು. ಠೇವಣಿಗೆ ಹಣ ಹೋದದ್ದು ತಾಯಿಯವರ ಉಳಿತಾಯ ಖಾತೆಯಿಂದ, ಬಡ್ಡಿ ಜಮೆಯಾದದ್ದೂ ಅದೇ ಖಾತೆಗೆ. ತಾಯಿಯವರು ಈ ಬಡ್ಡಿಯನ್ನು ತಮ್ಮ ರಿಟರ್ನ್‌ನಲ್ಲಿ ಘೋಷಿಸಿದ್ದಾರೆ. ಇದರ ಮೇಲೆ ಕಡಿತವಾದ 10,875 ರೂ. ಟಿಡಿಎಸ್‌ಅನ್ನು ನಾನೂ ಅವರೂ ಕ್ಲೇಮ್ ಮಾಡಿಲ್ಲ. ನಿಯಮ 37ಬಿಎ ಅಡಿಯ ಘೋಷಣೆಯನ್ನು ಬ್ಯಾಂಕಿಗೆ ಆಗಲೇ ಕೊಡಬೇಕಿತ್ತು. ಆ ತಿಳಿವಳಿಕೆ ನನಗಿರಲಿಲ್ಲ. ಈ ವರ್ಷ ಅದನ್ನು ಸಲ್ಲಿಸಿದ್ದೇನೆ.

ಉಳಿದ 23,350 ರೂ. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಗ ನಾನು ಇಟ್ಟಿದ್ದ ನಿಶ್ಚಿತ ಠೇವಣಿಯ ಬಡ್ಡಿ. ಅದು ಅಸಲಿಗೇ ಸೇರಿಕೊಳ್ಳುತ್ತಿತ್ತು, ಟಿಡಿಎಸ್ ಕಡಿತವೂ ಆಗಿರಲಿಲ್ಲ. ರಿಟರ್ನ್ ತುಂಬುವ ಮುನ್ನ ಎಐಎಸ್ ತೆರೆದು ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತು. ನೋಡದೇ ಹೋದದ್ದು ನನ್ನ ಲೋಪ, ಇದಕ್ಕೆ ಬೇರೆ ಸಮಜಾಯಿಷಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ನನಗೆ ಅನ್ವಯಿಸುವ ಶೇ. 20ರ ದರದಂತೆ ಸೆಸ್ ಸೇರಿ 4,857 ರೂ. ತೆರಿಗೆ, ಕಲಂ 140ಬಿ ಅಡಿ ಶೇ. 25ರ ಹೆಚ್ಚುವರಿ ತೆರಿಗೆ 1,214 ರೂ., ದುಂಡಾಗಿಸಿ ಒಟ್ಟು 6,070 ರೂ.ಗಳನ್ನು 22.10.2025ರಂದು ಪಾವತಿಸಿ, ಕಲಂ 139(8ಎ) ಅಡಿ ನವೀಕರಿಸಿದ ರಿಟರ್ನ್ (ಐಟಿಆರ್-ಯು) ಸಲ್ಲಿಸಿದ್ದೇನೆ.

ಠೇವಣಿ ರಸೀದಿ, ತಾಯಿಯವರ ಖಾತೆಯ ವಿವರಪಟ್ಟಿ, ಅವರ ರಿಟರ್ನ್‌ನ ಸ್ವೀಕೃತಿ, ಹುಬ್ಬಳ್ಳಿ ಶಾಖೆಯ ಬಡ್ಡಿ ಪ್ರಮಾಣಪತ್ರ, ಚಲನ್ ಮತ್ತು ಐಟಿಆರ್-ಯು ಸ್ವೀಕೃತಿಗಳನ್ನು ಇದರೊಂದಿಗೆ ಅಪ್‌ಲೋಡ್ ಮಾಡಿದ್ದೇನೆ. ತೋಟದ ಕ್ರಯಪತ್ರ ತಾಯಿಯವರ ಬಳಿ ಇದ್ದು, ತಾವು ಬಯಸಿದಲ್ಲಿ ಅದರ ದೃಢೀಕೃತ ಪ್ರತಿಯನ್ನೂ ಒದಗಿಸಲಾಗುವುದು.

ತಾಯಿಯವರ ಬಡ್ಡಿಯನ್ನು ನನ್ನ ಆದಾಯಕ್ಕೆ ಸೇರಿಸದೆ, ಮೇಲಿನ ದಾಖಲೆಗಳನ್ನು ಪರಿಶೀಲಿಸಿ ಪ್ರಕರಣವನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಎಸ್. ನಾಗರಾಜ
ಉಪನ್ಯಾಸಕ, ಶಿವಮೊಗ್ಗ