ಉಷ್ಣ ಬೇರೆ, ತಾಪ ಬೇರೆ: ಒಂಬತ್ತನೇ ತರಗತಿಯವರ ಪ್ರಶ್ನೆಗಳಿಗೆ ಉತ್ತರ

ಕಳೆದ ವಾರದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ. ಒಂದು ಲೋಟ ಕುದಿಯುವ ನೀರು, ಒಂದು ಬಕೆಟ್ ಬೆಚ್ಚಗಿನ ನೀರು. ಎರಡೂ ತಣಿದು ಕೋಣೆಯ ತಾಪಕ್ಕೆ ಬರುವಷ್ಟರಲ್ಲಿ ಯಾವುದು ಜಾಸ್ತಿ ಉಷ್ಣ ಬಿಟ್ಟುಕೊಡುತ್ತದೆ? ಅರ್ಧಕ್ಕಿಂತ ಹೆಚ್ಚು ಜನ ಲೋಟ ಎಂದು ಬರೆದಿದ್ದರು. ಆಮೇಲೆ ಚೀಟಿಯಲ್ಲಿ ನಿಮ್ಮ ಅನುಮಾನಗಳನ್ನು ಬರೆದು ಕೊಡಿ ಎಂದೆ. ಆ ಚೀಟಿಗಳಿಗೆ ಉತ್ತರ ಇಲ್ಲಿದೆ.

ಉಷ್ಣ, ತಾಪ ಎರಡೂ ಒಂದೇ ಅಲ್ವಾ? ಎರಡಕ್ಕೂ ಬಿಸಿ ಅಂತಲೇ ಅರ್ಥ ತಾನೆ?

ಗೊಂದಲಕ್ಕೆ ಅರ್ಧ ಕಾರಣ ನಮ್ಮ ಮಾತೇ. ‘ನೀರು ಬಿಸಿಯಾಗಿದೆ’ ಎಂದಾಗ ಹೇಳುವುದು ತಾಪದ ವಿಷಯ. ‘ಒಲೆಯ ಬಿಸಿ ತಾಗುತ್ತಿದೆ’ ಎಂದಾಗ ಹೇಳುವುದು ಉಷ್ಣದ ವಿಷಯ. ಪದ ಒಂದೇ. ಪತ್ರಿಕೆಗಳು ತಾಪಕ್ಕೆ ಉಷ್ಣಾಂಶ ಎಂದು ಬರೆಯುತ್ತವೆ, ಕೆಲವರು ಉಷ್ಣತೆ ಎನ್ನುತ್ತಾರೆ. ಹೀಗಿದ್ದರೆ ಮಕ್ಕಳಿಗೆ ಗೊಂದಲ ಆಗದೆ ಇನ್ನೇನು?

ವಿಜ್ಞಾನದ ಲೆಕ್ಕ ಹೀಗೆ. ಯಾವ ವಸ್ತುವಿನ ಕಣಗಳೂ ಸುಮ್ಮನೆ ಕೂತಿರುವುದಿಲ್ಲ, ಸದಾ ಅಲುಗಾಡುತ್ತಿರುತ್ತವೆ. ಸರಾಸರಿಯಾಗಿ ಒಂದೊಂದು ಕಣ ಎಷ್ಟು ಜೋರಾಗಿ ಅಲುಗಾಡುತ್ತಿದೆ ಎಂಬುದನ್ನು ತಾಪ ತಿಳಿಸುತ್ತದೆ. ಅದರ ಅಳತೆ ಡಿಗ್ರಿ ಸೆಲ್ಸಿಯಸ್ ಅಥವಾ ಕೆಲ್ವಿನ್. ಉಷ್ಣ ಎಂದರೆ ತಾಪದಲ್ಲಿ ವ್ಯತ್ಯಾಸ ಇರುವುದರಿಂದ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿ. ಶಕ್ತಿಯಾದ್ದರಿಂದ ಅದರ ಅಳತೆ ಜೂಲ್.

ಹಾಗಾದರೆ ಲೋಟದ ನೀರು ಯಾಕೆ ಸೋತಿತು?

ಲೆಕ್ಕ ಮಾಡಿಯೇ ನೋಡೋಣ. ಒಂದು ಕಿಲೋಗ್ರಾಂ ನೀರಿನ ತಾಪ ಒಂದು ಡಿಗ್ರಿ ಏರಲು ಸುಮಾರು 4200 ಜೂಲ್ ಬೇಕು. ಒಂದು ಡಿಗ್ರಿ ಇಳಿದರೆ ಅಷ್ಟೇ ಹೊರಬರುತ್ತದೆ. ಸೂತ್ರ ನಿಮಗೆ ಗೊತ್ತಿರುವುದೇ: Q = mcΔT.

ಕೋಣೆಯ ತಾಪ 25 ಡಿಗ್ರಿ ಎಂದಿಟ್ಟುಕೊಳ್ಳಿ. ಲೋಟದಲ್ಲಿ 200 ಗ್ರಾಂ ನೀರು, ತಾಪ 100 ಡಿಗ್ರಿ. ಅದು 75 ಡಿಗ್ರಿ ಇಳಿಯಬೇಕು.

0.2 × 4200 × 75 = 63,000 ಜೂಲ್

ಬಕೆಟ್‌ನಲ್ಲಿ 15 ಕಿಲೋಗ್ರಾಂ ನೀರು, ತಾಪ ಬರೀ 40 ಡಿಗ್ರಿ. ಇಳಿಯಬೇಕಾದ್ದು 15 ಡಿಗ್ರಿ ಮಾತ್ರ.

15 × 4200 × 15 = 9,45,000 ಜೂಲ್

ಸರಿಯಾಗಿ ಹದಿನೈದು ಪಟ್ಟು! ಲೋಟದಲ್ಲಿ ಒಂದೊಂದು ಕಣದ ಕುಣಿತ ಜೋರು, ನಿಜ. ಆದರೆ ಬಕೆಟ್‌ನಲ್ಲಿ ಕುಣಿಯುವವರ ಸಂಖ್ಯೆಯೇ ಜಾಸ್ತಿ. ಸಾಣೆ ಹಿಡಿಯುವಾಗ ಹಾರುವ ಕಿಡಿಯನ್ನೂ ಹೀಗೇ ನೋಡಿ. ಅದರ ತಾಪ ಕುದಿಯುವ ನೀರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಪುಟಾಣಿ ಕಿಡಿಯೊಂದು ಕೈಗೆ ತಾಗಿದರೆ ಚುರ್ ಎಂದು ಆರಿಹೋಗುತ್ತದೆ. ಒಂದು ಲೋಟ ಕುದಿನೀರು ಕೈಮೇಲೆ ಬಿದ್ದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ.

ಶಕ್ತಿ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನೆ ಉಷ್ಣ ಹರಿಯುವುದು?

ಅಲ್ಲ! ನನ್ನ ಪ್ರಕಾರ ಚೀಟಿಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ಇದು. ಚೆನ್ನಾಗಿ ಕಾಯಿಸಿದ ಒಂದು ಕಬ್ಬಿಣದ ಮೊಳೆಯನ್ನು ಅದೇ ಬಕೆಟ್‌ಗೆ ಹಾಕಿ. ಮೊಳೆಯ ತಾಪ 200 ಡಿಗ್ರಿ ಇರಲಿ. ಬಕೆಟ್ ನೀರಿನ ಒಳಗಿರುವ ಶಕ್ತಿಯ ಮುಂದೆ ಮೊಳೆಯದು ಲೆಕ್ಕಕ್ಕೇ ಇಲ್ಲ. ಆದರೂ ಉಷ್ಣ ಹರಿಯುವುದು ಮೊಳೆಯಿಂದ ನೀರಿಗೆ. ಬಡವ ಶ್ರೀಮಂತನಿಗೆ ಕೊಟ್ಟಂತೆ! ದಿಕ್ಕನ್ನು ತೀರ್ಮಾನಿಸುವುದು ತಾಪ ಮಾತ್ರ, ಒಟ್ಟು ಶಕ್ತಿ ಅಲ್ಲ. ಎರಡರ ತಾಪವೂ ಸಮವಾದ ಕೂಡಲೇ ಹರಿವು ನಿಲ್ಲುತ್ತದೆ.

‘ಬಿಸಿ ನೀರಿನಲ್ಲಿ ಉಷ್ಣ ತುಂಬಿದೆ’ ಎಂದು ಬರೆದರೆ ತಪ್ಪಾ?

ಕಟ್ಟುನಿಟ್ಟಾಗಿ ಹೇಳಿದರೆ ತಪ್ಪು. ಆಕಾಶದಿಂದ ಬೀಳುವಾಗ ಅದು ಮಳೆ, ಕೆರೆ ಸೇರಿದ ಮೇಲೆ ನೀರು. ಈ ಕೆರೆಯಲ್ಲಿ ಎಷ್ಟು ಮಳೆ ಇದೆ ಎಂದು ಯಾರೂ ಕೇಳುವುದಿಲ್ಲ ಅಲ್ವಾ? ಹಾಗೆಯೇ ಹರಿಯುವಾಗ ಅದು ಉಷ್ಣ, ವಸ್ತುವಿನೊಳಗೆ ಸೇರಿದ ಮೇಲೆ ಆಂತರಿಕ ಶಕ್ತಿ.

ಈ ತಪ್ಪಿಗೆ ದೊಡ್ಡ ಇತಿಹಾಸವೇ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಉಷ್ಣ ಎಂದರೆ ವಸ್ತುಗಳೊಳಗೆ ತುಂಬಿಕೊಂಡಿರುವ, ಕಣ್ಣಿಗೆ ಕಾಣದ ಒಂದು ದ್ರವ ಎಂದು 18ನೇ ಶತಮಾನದ ಅನೇಕ ವಿಜ್ಞಾನಿಗಳೇ ನಂಬಿದ್ದರು. ಅದಕ್ಕೆ ಕ್ಯಾಲೊರಿಕ್ ಎಂಬ ಹೆಸರೂ ಇತ್ತು. ಫಿರಂಗಿಯ ಲೋಹವನ್ನು ಕೊರೆಯುವಾಗ ಅದು ವಿಪರೀತ ಕಾಯುವುದನ್ನು ವಿಜ್ಞಾನಿ ರಮ್‌ಫೋರ್ಡ್ ಗಮನಿಸಿದರು. ಕೊರೆಯುತ್ತಲೇ ಇದ್ದರೆ ಬಿಸಿ ಬರುತ್ತಲೇ ಇತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ. ಒಳಗಿದ್ದ ದ್ರವವೇ ಹೊರಬರುತ್ತಿದ್ದರೆ ಎಂದಾದರೂ ಖಾಲಿಯಾಗಬೇಕಿತ್ತಲ್ಲ? 1798ರಲ್ಲಿ ಅವರು ಇದನ್ನು ಪ್ರಕಟಿಸಿದರು. 1840ರ ದಶಕದಲ್ಲಿ ಜೇಮ್ಸ್ ಜೂಲ್, ಬೀಳುವ ತೂಕದ ಬಲದಿಂದ ನೀರಿನೊಳಗೆ ಚಕ್ರ ತಿರುಗಿಸಿ, ಇಷ್ಟು ಕೆಲಸಕ್ಕೆ ಇಷ್ಟು ತಾಪ ಏರುತ್ತದೆ ಎಂದು ಅಳೆದು ತೋರಿಸಿದರು. ನಾವು ಉತ್ತರದ ಕೊನೆಗೆ ಬರೆಯುವ ಜೂಲ್ ಅವರದೇ ಹೆಸರು.

ಅಂಗೈ ಉಜ್ಜಿದಾಗ ಆಗುವುದೂ ಇದೇ. ಹೊರಗಿನಿಂದ ಉಷ್ಣ ಬರಲಿಲ್ಲ, ನೀವು ಮಾಡಿದ ಕೆಲಸದಿಂದ ತಾಪ ಏರಿತು.

ಉಷ್ಣ ಕೊಟ್ಟರೆ ತಾಪ ಏರಲೇಬೇಕಲ್ಲವೇ?

ಏರಲೇಬೇಕು ಅಂತೇನಿಲ್ಲ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಥರ್ಮಾಮೀಟರ್ ಇಟ್ಟು ಕಲಕುತ್ತಾ ಇರಿ. ಕೆಳಗಿನಿಂದ ನಿಧಾನವಾಗಿ ಕಾಯಿಸುತ್ತಿದ್ದರೂ ಮಂಜುಗಡ್ಡೆ ಪೂರ್ತಿ ಕರಗುವ ತನಕ ಅದು 0 ಡಿಗ್ರಿ ಬಿಟ್ಟು ಕದಲುವುದಿಲ್ಲ. ಕೊಟ್ಟ ಉಷ್ಣವೆಲ್ಲ ಕಣಗಳ ಕಟ್ಟು ಸಡಿಲಿಸಲು ಖರ್ಚಾಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಬೇಕು. ಅಷ್ಟೇ ಉಷ್ಣವನ್ನು 0 ಡಿಗ್ರಿಯಲ್ಲಿರುವ ಒಂದು ಗ್ರಾಂ ನೀರಿಗೆ ಕೊಟ್ಟಿದ್ದರೆ ಅದು ಸುಮಾರು 80 ಡಿಗ್ರಿಗೆ ಏರುತ್ತಿತ್ತು! ಥರ್ಮಾಮೀಟರ್‌ಗೆ ಕಾಣದಂತೆ ಅಡಗುವ ಈ ಉಷ್ಣಕ್ಕೆ ಗುಪ್ತೋಷ್ಣ ಎಂಬ ಹೆಸರು ತಕ್ಕುದಾಗಿದೆ. ಉಷ್ಣ, ತಾಪ ಒಂದೇ ಆಗಿದ್ದರೆ ಈ ಪ್ರಯೋಗಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಒಂದೇ ಕೋಣೆಯಲ್ಲಿದ್ದರೂ ಕಬ್ಬಿಣದ ಕುರ್ಚಿ ತಣ್ಣಗೆ, ಮರದ ಕುರ್ಚಿ ಬೆಚ್ಚಗೆ ಯಾಕೆ?

ಎರಡರ ತಾಪವೂ ಒಂದೇ. ಬೇಕಿದ್ದರೆ ಅಳೆದು ನೋಡಿ. ನಿಮ್ಮ ಕೈ ಕೋಣೆಗಿಂತ ಬೆಚ್ಚಗಿದೆ. ಕಬ್ಬಿಣ ಆ ಉಷ್ಣವನ್ನು ಸರಸರನೆ ಎಳೆದುಕೊಳ್ಳುತ್ತದೆ, ಮರ ನಿಧಾನ. ನಮ್ಮ ಚರ್ಮಕ್ಕೆ ತಿಳಿಯುವುದು ಉಷ್ಣ ಎಷ್ಟು ಬೇಗ ಹೋಯಿತು ಅಥವಾ ಬಂತು ಎಂಬುದು. ಹಾಗಾಗಿ ಕೈಯನ್ನು ನಂಬಿ ತಾಪ ಹೇಳಬೇಡಿ. ಇವೇ ಕುರ್ಚಿಗಳು ಬಿಸಿಲಲ್ಲಿ ಕಾದು ಮೈಗಿಂತ ಬಿಸಿಯಾದರೆ ಕಬ್ಬಿಣದ್ದೇ ಹೆಚ್ಚು ಸುಡುತ್ತದೆ.

20 ಡಿಗ್ರಿ ಎಂದರೆ 10 ಡಿಗ್ರಿಯ ಎರಡು ಪಟ್ಟು ಬಿಸಿ ತಾನೆ?

ಇಲ್ಲ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದು ಅಷ್ಟೇ, ತಾಪವೇ ಇಲ್ಲ ಎಂದಲ್ಲ. ಕೆಲ್ವಿನ್‌ನಲ್ಲಿ ಅವು ಸುಮಾರು 283 ಮತ್ತು 293. ಎರಡು ಪಟ್ಟು ಎಲ್ಲಿಂದ ಬಂತು?

ಫ್ಯಾನ್ ಗಾಳಿಗೆ ಹಿಡಿದರೆ ಥರ್ಮಾಮೀಟರ್ ಇಳಿಯುತ್ತದಾ?

ಒಣ ಥರ್ಮಾಮೀಟರ್ ಆದರೆ ಇಳಿಯುವುದಿಲ್ಲ. ಫ್ಯಾನ್ ಗಾಳಿಯ ತಾಪವನ್ನು ಇಳಿಸುವುದಿಲ್ಲ, ನಮ್ಮ ಮೈಯಿಂದ ಉಷ್ಣ ಬೇಗ ಹೋಗುವಂತೆ ಮಾಡುತ್ತದೆ ಅಷ್ಟೇ. ಈಗ ಥರ್ಮಾಮೀಟರ್‌ನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಹಿಡಿಯಿರಿ. ಇಳಿಯುತ್ತದೆ! ನೀರು ಆವಿಯಾಗಲೂ ಗುಪ್ತೋಷ್ಣ ಬೇಕು, ಅದನ್ನು ಬಟ್ಟೆಯಿಂದ, ಥರ್ಮಾಮೀಟರ್‌ನಿಂದ ಎಳೆದುಕೊಳ್ಳುತ್ತದೆ. ಸೋಮವಾರ ಪ್ರಯೋಗಾಲಯದಲ್ಲಿ ಇದನ್ನೇ ಮಾಡೋಣ, ಇಬ್ಬರಿಗೆ ಒಂದರಂತೆ ಬಟ್ಟೆ ಚೂರು ತನ್ನಿ.